ನಲವತ್ತೇಳರ ಬದಲು ನೂರಾ ಹನ್ನೆರಡು

ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಳ್ಳುವವರು ಮಾದರಿ ಫ್ಲ್ಯಾಟಿನ ಅಡುಗೆಕಟ್ಟೆಯ ಗ್ರಾನೈಟನ್ನು ಸವರಿ ನೋಡುತ್ತಾರೆ, ಬಾಲ್ಕನಿಯಿಂದ ಏನು ಕಾಣುತ್ತದೆಂದು ಇಣುಕುತ್ತಾರೆ. ಕಾರು ನಿಲ್ಲಿಸುವ ಜಾಗವನ್ನು ಮಾತ್ರ ಯಾರೂ ನೋಡುವುದಿಲ್ಲ. ನೋಡೋಣವೆಂದರೂ ಆಗ ಅದು ಇರುವುದಿಲ್ಲ. ಬುಕಿಂಗ್ ಹೊತ್ತಿಗೆ ಬೇಸ್‌ಮೆಂಟ್ ಎಂದರೆ ಮಳೆನೀರು ನಿಂತ ಗುಂಡಿ, ಇಲ್ಲವೇ ಸೆಂಟ್ರಿಂಗ್ ಹೊಡೆದು ನಿಲ್ಲಿಸಿದ ಕತ್ತಲು. ಹಾಗಾಗಿ ಆ ಜಾಗ ಇರುವುದು ಕಾಗದದ ಮೇಲೆ ಮಾತ್ರ: ಬ್ರೋಷರಿನ ಬಣ್ಣದ ನಕ್ಷೆಯಲ್ಲಿ ಒಂದು ಸಣ್ಣ ಚೌಕ, ಅಗ್ರಿಮೆಂಟಿನ ಷೆಡ್ಯೂಲಿನಲ್ಲಿ ಒಂದು ಸಾಲು.

ಎರಡು ಮೂರು ವರ್ಷ ಕಳೆದು, ಕೀ ಕೊಡುವ ದಿನ ಹತ್ತಿರ ಬಂದಾಗ ಬಿಲ್ಡರ್ ಕಚೇರಿಯಿಂದ ಪಾರ್ಕಿಂಗ್ ಹಂಚಿಕೆಯ ಪತ್ರ ಬರುತ್ತದೆ. ಅದರಲ್ಲೊಂದು ನಂಬರು. ಹಳೆಯ ಅಗ್ರಿಮೆಂಟನ್ನು ಬೀರುವಿನಿಂದ ತೆಗೆದು ನೋಡಿದರೆ ಅಲ್ಲಿರುವ ನಂಬರೇ ಬೇರೆ. ಫೋನ್ ಮಾಡಿದರೆ, 'ಸರ್, ಫೈನಲ್ ಲೇಔಟ್‌ನಲ್ಲಿ ಸ್ವಲ್ಪ ಚೇಂಜ್ ಆಗಿದೆ, ಎಲ್ಲರಿಗೂ ಹೀಗೇ ಆಗಿದೆ' ಎಂಬ ಉತ್ತರ. ಈ ಲೇಖನ ಇರುವುದು ಆ ಫೋನಿನ ನಂತರದ ಕೆಲಸದ ಬಗ್ಗೆ, ಅಂದರೆ ಬಿಲ್ಡರ್‌ಗೆ ಬರೆಯಬೇಕಾದ ಪತ್ರದ ಬಗ್ಗೆ. ಸಿಟ್ಟಿನಿಂದ ಬರೆದ ಮೂರು ಪುಟಕ್ಕಿಂತ, ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಬರೆದ ಒಂದೂವರೆ ಪುಟಕ್ಕೆ ತೂಕ ಹೆಚ್ಚು.

ಒಂದು ಪ್ರಕರಣವನ್ನು ಕಲ್ಪಿಸಿಕೊಂಡು ಮುಂದುವರಿಯೋಣ. ಬೆಂಗಳೂರಿನ ಹೊರವಲಯದ ಒಂದು ವಸತಿ ಸಮುಚ್ಚಯ. ಮೇಲೊಂದು ಕೆಳಗೊಂದು, ಎರಡು ಹಂತದ ಬೇಸ್‌ಮೆಂಟ್. ಬಿ ಬ್ಲಾಕಿನ 604ನೇ ಫ್ಲ್ಯಾಟನ್ನು ಒಬ್ಬ ಶಾಲಾ ಶಿಕ್ಷಕಿ ಕೊಂಡಿದ್ದಾರೆ. 2022ರ ಮಾರ್ಚ್ 14ರ ಅಗ್ರಿಮೆಂಟಿನಲ್ಲಿ 'ಮೇಲಿನ ಬೇಸ್‌ಮೆಂಟ್, ಮುಚ್ಚಿದ ಕಾರ್ ಪಾರ್ಕಿಂಗ್ ಸಂಖ್ಯೆ 47' ಎಂದಿದೆ. ಬ್ರೋಷರಿನಲ್ಲಿ 'ಪ್ರತಿ ಮನೆಗೂ ಸ್ವತಂತ್ರ ಕಾರ್ ಪಾರ್ಕಿಂಗ್' ಎಂಬ ಸಾಲಿದೆ. 2025ರ ನವೆಂಬರ್ 3ರಂದು ಬಂದ ಪತ್ರದಲ್ಲಿರುವುದು ಕೆಳ ಬೇಸ್‌ಮೆಂಟಿನ 112. ಹೋಗಿ ನೋಡಿದರೆ ಅದು ಗೋಡೆಗೆ ಒತ್ತಿಕೊಂಡ ಜಾಗ. ಅದರ ಮುಂದೆಯೇ 113 ಇದೆ, ಅದು ಸಿ ಬ್ಲಾಕಿನ ಬೇರೊಂದು ಮನೆಯದು. 113ರ ಕಾರು ಸರಿಯದೆ 112ರ ಕಾರು ಹೊರಗೆ ಬರುವುದಿಲ್ಲ. ಈ ವ್ಯವಸ್ಥೆಯನ್ನು ಬಿಲ್ಡರುಗಳು 'ಬ್ಯಾಕ್ ಟು ಬ್ಯಾಕ್' ಎನ್ನುತ್ತಾರೆ, 'ಡಿಪೆಂಡೆಂಟ್ ಪಾರ್ಕಿಂಗ್' ಎಂದೂ ಹೇಳುವುದುಂಟು. ಎರಡೂ ಒಂದೇ ಮನೆಯವಾದರೆ ತೊಂದರೆಯಿಲ್ಲ, ಗಂಡ ಹೆಂಡತಿ ಕೀ ಬದಲಿಸಿಕೊಳ್ಳುತ್ತಾರೆ. ಬೇರೆ ಬೇರೆ ಮನೆಯವಾದರೆ ಬೆಳಿಗ್ಗೆ ಏಳೂವರೆಗೆ ಶಾಲೆಗೆ ಹೊರಡುವವರು ಗುರುತಿಲ್ಲದ ಮನೆಯ ಬೆಲ್ ಒತ್ತಬೇಕಾಗುತ್ತದೆ.

ಮೊದಲು ನೋಡಬೇಕಾದದ್ದು ಅಗ್ರಿಮೆಂಟಿನ ಆ ಒಂದು ಸಾಲಿನ ಮಾತುಗಳನ್ನು. ಪತ್ರ ಎಷ್ಟು ಗಟ್ಟಿಯಾಗಿ ಕೇಳಬಹುದು ಎಂಬುದು ನಿಂತಿರುವುದು ಅದರ ಮೇಲೆ. ನಂಬರು ಮತ್ತು ಮಹಡಿ ಎರಡೂ ಇದ್ದರೆ ನಿಮ್ಮ ನೆಲ ಗಟ್ಟಿ. ಆ ನಂಬರನ್ನೇ ಕೇಳಬಹುದು. 2017ರ ಕರ್ನಾಟಕ ರೇರಾ ನಿಯಮಗಳ ಜೊತೆಗಿರುವ ಮಾದರಿ ಅಗ್ರಿಮೆಂಟಿನಲ್ಲಿಯೇ ಪಾರ್ಕಿಂಗಿನ ಸಂಖ್ಯೆ, ಅದರ ಚದರಡಿ, ಅದು ಇರುವ ಸ್ಥಳ, ಈ ಮೂರನ್ನೂ ತುಂಬಲು ಖಾಲಿ ಜಾಗ ಬಿಟ್ಟಿದ್ದಾರೆ. ಫ್ಲ್ಯಾಟು ಮತ್ತು ಪಾರ್ಕಿಂಗ್ ಸೇರಿ ಬಿಡಿಸಲಾಗದ ಒಂದೇ ಘಟಕ ಎಂಬ ಮಾತೂ ಅದರಲ್ಲಿದೆ. ಆದರೆ ಎಷ್ಟೋ ಬಿಲ್ಡರುಗಳು ಆ ಜಾಗದಲ್ಲಿ 'ಒಂದು ಮುಚ್ಚಿದ ಕಾರ್ ಪಾರ್ಕಿಂಗ್' ಎಂದಷ್ಟೇ ಬರೆದು ಮುಗಿಸುತ್ತಾರೆ. ಆಗ ನಿರ್ದಿಷ್ಟ ನಂಬರನ್ನು ಕೇಳುವ ಹಕ್ಕು ತೆಳುವಾಗುತ್ತದೆ. ಆದರೂ ಚಾವಣಿಯ ಕೆಳಗಿನ, ಕಾರು ನಿಲ್ಲುವ ಅಳತೆಯ, ಬಳಸಲು ಬರುವ ಜಾಗವನ್ನು ಕೇಳುವ ಹಕ್ಕು ಉಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೂರನೆಯ ಬಗೆ: 'ಸ್ವಾಧೀನ ಕೊಡುವಾಗ ಬಿಲ್ಡರ್ ತನ್ನ ವಿವೇಚನೆಯಂತೆ ಹಂಚತಕ್ಕದ್ದು'. ಈ ಸಾಲಿಗೆ ಸಹಿ ಹಾಕಿದವರು ಪತ್ರದ ಭಾರವನ್ನು ಬ್ರೋಷರಿನ ಮೇಲೆ ಹಾಕಬೇಕಾಗುತ್ತದೆ.

ಬ್ರೋಷರ್ ಎಂದರೆ ಬರೀ ಜಾಹೀರಾತು, ಅದಕ್ಕೆ ಬೆಲೆಯಿಲ್ಲ ಎಂದು ನಂಬಿದವರು ಬಹಳ. ಬ್ರೋಷರಿನ ಕೊನೆಯ ಪುಟದ ತಳದಲ್ಲಿ ಇರುವೆಗಾತ್ರದ ಅಕ್ಷರದಲ್ಲಿ 'ಇದು ಕಲಾವಿದನ ಕಲ್ಪನೆ' ಎಂದು ಅಚ್ಚು ಹಾಕುವುದೂ ಆ ನಂಬಿಕೆಯನ್ನು ಬೆಳೆಸಲಿಕ್ಕೇ. ಆದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೇ ಸೆಕ್ಷನ್ ಹೇಳುವುದು ಬೇರೆ. ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾದರಿ ಫ್ಲ್ಯಾಟನ್ನು ನಂಬಿ ಮುಂಗಡ ಕೊಟ್ಟವರಿಗೆ ಅದರಲ್ಲಿದ್ದ ತಪ್ಪು ಅಥವಾ ಸುಳ್ಳು ಮಾಹಿತಿಯಿಂದ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಆ ಕಾಯ್ದೆಯಲ್ಲಿ ಜಾಹೀರಾತು ಎಂಬುದರ ವ್ಯಾಖ್ಯೆ ಎಷ್ಟು ಅಗಲವಿದೆಯೆಂದರೆ ಬ್ರೋಷರ್ ಸಲೀಸಾಗಿ ಅದರೊಳಗೆ ಬರುತ್ತದೆ. ಇಲ್ಲೊಂದು ಮಿತಿ ಇದೆ. ಈ ಸೆಕ್ಷನ್ ಕೇಳುವುದು ನಷ್ಟವನ್ನು. ಚಿತ್ರದಲ್ಲಿ ತೆಂಗಿನಮರ ಇತ್ತು, ಇಲ್ಲಿಲ್ಲ ಎಂದರೆ ನಡೆಯದು. 'ಸ್ವತಂತ್ರ ಪಾರ್ಕಿಂಗ್ ಎಂದಿರಿ, ಕೊಟ್ಟದ್ದು ಇನ್ನೊಬ್ಬರ ಕಾರಿನ ಹಿಂದೆ' ಎಂಬುದು ನಡೆಯುತ್ತದೆ. ಆದ್ದರಿಂದ ಬ್ರೋಷರಿನಿಂದ ಒಂದೇ ಸಾಲನ್ನು ಆರಿಸಿಕೊಂಡು ಪುಟದ ಸಂಖ್ಯೆಯೊಡನೆ ಉಲ್ಲೇಖಿಸಬೇಕು.

ಮೂರನೆಯ ಕಾಗದವನ್ನು ಹೆಚ್ಚಿನವರು ತೆಗೆದು ನೋಡುವುದೇ ಇಲ್ಲ. ಅದು ಮಂಜೂರಾದ ಬೇಸ್‌ಮೆಂಟ್ ನಕ್ಷೆ. ರೇರಾದಲ್ಲಿ ನೋಂದಾಯಿಸಿದ ಪ್ರತಿ ಯೋಜನೆಗೂ PRM/KA/RERA ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ; ಬ್ರೋಷರಿನಲ್ಲೂ ಅಗ್ರಿಮೆಂಟಿನಲ್ಲೂ ಸಿಗುತ್ತದೆ. ಕರ್ನಾಟಕ ರೇರಾದ ಜಾಲತಾಣದಲ್ಲಿ ಆ ಯೋಜನೆಯನ್ನು ಹುಡುಕಿದರೆ ಬಿಲ್ಡರ್ ಸಲ್ಲಿಸಿದ ನಕ್ಷೆಗಳನ್ನು ನೋಡಬಹುದು. ಅಲ್ಲಿ ಸಿಗದಿದ್ದರೆ ಬಿಲ್ಡರನ್ನೇ ಕೇಳಬಹುದು. ಮಂಜೂರಾದ ನಕ್ಷೆಯ ಮಾಹಿತಿ ಪಡೆಯುವುದು 19ನೇ ಸೆಕ್ಷನ್ ಪ್ರಕಾರ ಕೊಂಡವರ ಹಕ್ಕು. ನಕ್ಷೆಯಲ್ಲಿ 47 ಎಲ್ಲಿತ್ತು, ಈಗ ಅಲ್ಲಿ ಏನಿದೆ ಎಂದು ನೋಡಿದರೆ ನಂಬರು ಬದಲಾದ ಕಾರಣ ಸಾಮಾನ್ಯವಾಗಿ ತಾನಾಗಿ ಹೊರಬೀಳುತ್ತದೆ.

ಅಲ್ಲಿ ವಿದ್ಯುತ್ ಪ್ಯಾನೆಲ್ ಕೋಣೆಯೋ ಪಂಪ್ ಕೋಣೆಯೋ ಎದ್ದಿದ್ದರೆ ನಕ್ಷೆಯೇ ಬದಲಾಗಿದೆ. ಮಂಜೂರಾದ ನಕ್ಷೆಯನ್ನು ಕೊಂಡವರ ಒಪ್ಪಿಗೆಯಿಲ್ಲದೆ ಬದಲಿಸುವುದಕ್ಕೆ 14ನೇ ಸೆಕ್ಷನ್ ಅಡ್ಡ ಬರುತ್ತದೆ. ಕಟ್ಟಡದ ಮತ್ತು ಸಾಮಾನ್ಯ ಪ್ರದೇಶದ ಬದಲಾವಣೆಗೆ ಮೂರನೇ ಎರಡರಷ್ಟು ಮಂದಿ ಕೊಂಡವರ ಲಿಖಿತ ಒಪ್ಪಿಗೆ ಬೇಕು. ಅಲ್ಲಿ 47 ಎಂದೇ ಬಣ್ಣ ಬಳಿದು ಬೇರೆಯವರಿಗೆ ಕೊಟ್ಟಿದ್ದರೆ ಕಥೆ ಬೇರೆ. ಒಂದೇ ನಂಬರನ್ನು ಎರಡು ಅಗ್ರಿಮೆಂಟಿನಲ್ಲಿ ಬರೆದಿರಬಹುದು. ಅಥವಾ ನಮ್ಮ ಊರಿನಲ್ಲಿ ಸಾಮಾನ್ಯವಾದ ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ, ಜಮೀನಿನ ಮಾಲೀಕರ ಪಾಲಿಗೆ ಹೋದ ಫ್ಲ್ಯಾಟುಗಳ ಜೊತೆ ಆ ಪಾರ್ಕಿಂಗೂ ಹೋಗಿರಬಹುದು. ಬಿಲ್ಡರ್ ಮತ್ತು ಜಮೀನಿನವರು ಪಾಲು ಮಾಡಿಕೊಳ್ಳುವ ಪತ್ರ ಕೆಲವೊಮ್ಮೆ ನಿಮ್ಮ ಅಗ್ರಿಮೆಂಟಿನ ನಂತರ ಸಹಿಯಾಗುತ್ತದೆ, ಆಗ ಲಿಫ್ಟಿನ ಹತ್ತಿರದ ಜಾಗಗಳು ಮೊದಲು ಮಾಯವಾಗುತ್ತವೆ. ಯಾವ ಕಾರಣವೆಂದು ಊಹಿಸಿ ಪತ್ರದಲ್ಲಿ ಆರೋಪ ಹೊರಿಸುವ ಅಗತ್ಯವಿಲ್ಲ. ಕಾರಣವನ್ನು ಬರವಣಿಗೆಯಲ್ಲಿ ಕೇಳಿದರೆ ಸಾಕು.

ಇನ್ನು ಅಳತೆ. ಟೇಪ್ ಹಿಡಿದು ಹೋಗುವುದು ಒಳ್ಳೆಯದು, ಏಕೆಂದರೆ ಹಳದಿ ಗೆರೆಗಳ ನಡುವಿನ ಅಗಲವೇ ಕಾರಿಗೆ ಸಿಗುವ ಅಗಲವಲ್ಲ. ನಮ್ಮ ಪ್ರಕರಣದ 112ರಲ್ಲಿ ಗೆರೆಯಿಂದ ಗೆರೆಗೆ ಎರಡೂವರೆ ಮೀಟರ್ ಇದೆ. ಆದರೆ ಒಂದು ಮಗ್ಗುಲಲ್ಲಿ ಪಿಲ್ಲರ್ 35 ಸೆಂಟಿಮೀಟರ್ ಒಳಗೆ ಚಾಚಿದೆ. ಉಳಿದದ್ದು 2.15 ಮೀಟರ್. ಮಧ್ಯಮ ಗಾತ್ರದ ಎಸ್‌ಯುವಿ ಒಂದರ ಅಗಲ, ಕನ್ನಡಿ ಬಿಟ್ಟು, ಸುಮಾರು 1.8 ಮೀಟರ್. ಎರಡೂ ಬದಿಗೆ ಸೇರಿ ಉಳಿಯುವುದು ಸುಮಾರು ಒಂದೂವರೆ ಗೇಣು. ಬಾಗಿಲು ತೆರೆದು ದೊಡ್ಡವರೊಬ್ಬರು ಇಳಿಯಲು ಅರ್ಧ ಮೀಟರಿಗಿಂತ ಹೆಚ್ಚು ಬೇಕು. ಎತ್ತರವನ್ನೂ ಅಳೆಯಬೇಕು, ಆದರೆ ಚಾವಣಿಗಲ್ಲ. ಚಾವಣಿಯ ಕೆಳಗೆ ಹಾದುಹೋದ ಡ್ರೈನೇಜ್ ಪೈಪು ಅಥವಾ ಸ್ಪ್ರಿಂಕ್ಲರಿನ ತಳಕ್ಕೆ. ಟೇಪ್ ಕಾಣುವಂತೆ, ಗೋಡೆಯ ಮೇಲಿನ ನಂಬರೂ ಕಾಣುವಂತೆ ನಾಲ್ಕು ಫೋಟೋ ಸಾಕು. 47ರ ಜಾಗದ್ದೂ ಒಂದು ಫೋಟೋ ಇರಲಿ.

ಪತ್ರಕ್ಕೆ ಕೈ ಹಾಕುವ ಮೊದಲು ಬಗೆಹರಿಸಿಕೊಳ್ಳಬೇಕಾದ ಒಂದು ತೊಡಕಿದೆ. 'ನಾನು ಕೊಂಡ ಪಾರ್ಕಿಂಗ್' ಎಂದು ಬರೆಯಬಹುದೇ? 2010ರ ಆಗಸ್ಟ್‌ನಲ್ಲಿ ಮುಂಬೈನ ದಹಿಸರ್‌ನ ಒಂದು ಸಹಕಾರ ವಸತಿ ಸಂಘದ ಪ್ರಕರಣದಲ್ಲಿ, ನಹಲ್‌ಚಂದ್ ಲಾಲೂಚಂದ್ ಪ್ರಕರಣ ಎಂದೇ ವಕೀಲರು ಕರೆಯುತ್ತಾರೆ, ಸುಪ್ರೀಂ ಕೋರ್ಟ್ ಒಂದು ಮಾತನ್ನು ಸ್ಪಷ್ಟಪಡಿಸಿತು: ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಪಾರ್ಕಿಂಗ್ ಗ್ಯಾರೇಜ್ ಅಲ್ಲ, ಅದನ್ನು ಬಿಲ್ಡರ್ ಫ್ಲ್ಯಾಟಿನಂತೆ ಬಿಡಿಯಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ ಜಾಗ. ಆ ತೀರ್ಪು ಮಹಾರಾಷ್ಟ್ರದ ಕಾಯ್ದೆಯನ್ನು ಆಧರಿಸಿತ್ತು. ಆದರೆ ನಮ್ಮ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯೂ ಬೇಸ್‌ಮೆಂಟ್ ಮತ್ತು ಪಾರ್ಕಿಂಗ್ ಪ್ರದೇಶಗಳನ್ನು ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿಯೇ ಇಟ್ಟಿದೆ. ರೇರಾ ಕಾಯ್ದೆ ಗ್ಯಾರೇಜ್ ಎನ್ನುವುದು ಚಾವಣಿಯೂ ಮೂರು ಕಡೆ ಗೋಡೆಯೂ ಇರುವ ಜಾಗಕ್ಕೆ. ಎರಡು ಪಿಲ್ಲರುಗಳ ನಡುವೆ ಬಣ್ಣದ ಗೆರೆ ಎಳೆದ ಜಾಗ ಅದಾಗುವುದಿಲ್ಲ.

ಇದನ್ನು ತಿಳಿಯದೆ 'ಮೂರು ಲಕ್ಷ ಕೊಟ್ಟು ನಾನು ಕೊಂಡ ಜಾಗವನ್ನು ಇನ್ನೊಬ್ಬರಿಗೆ ಮಾರಿದ್ದೀರಿ' ಎಂದು ಬರೆದರೆ, ಬಿಲ್ಡರ್‌ನ ವಕೀಲರು ತಣ್ಣಗೆ ಉತ್ತರಿಸಬಹುದು: 'ಪಾರ್ಕಿಂಗನ್ನು ಕಾನೂನಿನಂತೆ ನಾವು ಮಾರುವಂತೆಯೇ ಇಲ್ಲ, ಹಾಗಾಗಿ ನೀವು ಕೊಂಡಿಲ್ಲ.' ಹಣ ಪಡೆಯುವಾಗ ನೆನಪಾಗದ ಕಾನೂನು ಉತ್ತರ ಬರೆಯುವಾಗ ನೆನಪಾಗುವುದು ಈ ವ್ಯವಹಾರದ ಹಳೆಯ ಚಾಳಿ. ಅದಕ್ಕೆ ಅವಕಾಶ ಕೊಡದಂತೆ ಬರೆಯುವ ದಾರಿ ಇದೆ. ಒಡೆತನದ ಮಾತು ಬೇಡ. ಹಂಚಿಕೆಯ ಮಾತು ಸಾಕು. 1972ರ ಕಾಯ್ದೆಯಲ್ಲಿಯೇ 'ಸೀಮಿತ ಸಾಮಾನ್ಯ ಪ್ರದೇಶ' ಎಂಬುದೊಂದಿದೆ. ಎಲ್ಲರಿಗೂ ಸೇರಿದ್ದರೂ, ಘೋಷಣಾ ಪತ್ರದಲ್ಲಿ ಇಂಥ ಫ್ಲ್ಯಾಟಿನ ಬಳಕೆಗೆ ಎಂದು ಮೀಸಲಿಟ್ಟ ಜಾಗ ಅದು. ಕಾರ್ ಪಾರ್ಕಿಂಗಿಗೆ ಸರಿಹೊಂದುವ ಮಾತು ಇದೇ. 'ಬಿ-604ರ ಪ್ರತ್ಯೇಕ ಬಳಕೆಗೆ ಅಗ್ರಿಮೆಂಟಿನಲ್ಲಿ ಹಂಚಲಾದ 47' ಎಂದು ಬರೆದರೆ ಆ ವಕೀಲರಿಗೆ ಹಿಡಿಯಲು ಕೊನೆಯೇ ಸಿಗದು.

ಈಗ ಪತ್ರ. ಅಗ್ರಿಮೆಂಟ್ ಇಂಗ್ಲಿಷಿನಲ್ಲಿದ್ದರೂ ಪತ್ರ ಕನ್ನಡದಲ್ಲಿರಬಹುದು. ಆದರೆ ಷೆಡ್ಯೂಲಿನ ಆ ಒಂದು ಸಾಲನ್ನು ಮಾತ್ರ ಮೂಲದಲ್ಲಿ ಇದ್ದಂತೆ, ಅಕ್ಷರ ಬದಲಿಸದೆ ಎತ್ತಿ ಬರೆಯಬೇಕು. ನಮ್ಮ ಶಿಕ್ಷಕಿಯ ಪತ್ರ ಹೀಗಿರಬಹುದು:

ದಿನಾಂಕ: 7 ನವೆಂಬರ್ 2025

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು
(ಅಗ್ರಿಮೆಂಟಿನಲ್ಲಿ ಇರುವಂತೆ ಕಂಪನಿಯ ಹೆಸರು ಮತ್ತು ವಿಳಾಸ)

ವಿಷಯ: ಫ್ಲ್ಯಾಟ್ ಬಿ-604ಕ್ಕೆ ಅಗ್ರಿಮೆಂಟಿನಂತೆ ಹಂಚಲಾದ ಕಾರ್ ಪಾರ್ಕಿಂಗ್ 47ರ ಬದಲು 112 ಸೂಚಿಸಿರುವ ಬಗ್ಗೆ.

ಮಾನ್ಯರೇ,

14-03-2022ರ ನಮ್ಮ ಮಾರಾಟದ ಅಗ್ರಿಮೆಂಟಿನ ಷೆಡ್ಯೂಲಿನಲ್ಲಿ ಬಿ-604ನೇ ಫ್ಲ್ಯಾಟಿನ ಜೊತೆಗೆ ಮೇಲಿನ ಬೇಸ್‌ಮೆಂಟಿನ ಮುಚ್ಚಿದ ಕಾರ್ ಪಾರ್ಕಿಂಗ್ ಸಂಖ್ಯೆ 47ನ್ನು ಹಂಚಲಾಗಿದೆ. ಅಗ್ರಿಮೆಂಟಿನ ಆ ಪುಟದ ಪ್ರತಿಯನ್ನು ಲಗತ್ತಿಸಿದ್ದೇನೆ. ನಿಮ್ಮ ಬ್ರೋಷರಿನ 9ನೇ ಪುಟದಲ್ಲಿ ಪ್ರತಿ ಮನೆಗೂ ಸ್ವತಂತ್ರ ಕಾರ್ ಪಾರ್ಕಿಂಗ್ ಎಂದು ತಿಳಿಸಲಾಗಿದೆ. ಅದನ್ನು ನಂಬಿಯೇ ನಾನು ಈ ಫ್ಲ್ಯಾಟನ್ನು ಆರಿಸಿಕೊಂಡೆ.

03-11-2025ರ ನಿಮ್ಮ ಹಂಚಿಕೆ ಪತ್ರದಲ್ಲಿ ಕೆಳ ಬೇಸ್‌ಮೆಂಟಿನ 112ನ್ನು ಸೂಚಿಸಿದ್ದೀರಿ. ನಾನು 05-11-2025ರಂದು ಸ್ಥಳಕ್ಕೆ ಹೋಗಿ ನೋಡಿದೆ. 112 ಸ್ವತಂತ್ರ ಜಾಗವಲ್ಲ; 113ರಲ್ಲಿ ಕಾರು ನಿಂತಿದ್ದರೆ ಇದರಿಂದ ಹೊರಬರಲು ಆಗುವುದಿಲ್ಲ. ಪಿಲ್ಲರ್ ಕಳೆದು ಅದರ ಅಗಲ 2.15 ಮೀಟರ್. ಫೋಟೋಗಳನ್ನು ಲಗತ್ತಿಸಿದ್ದೇನೆ. ಈ ಬದಲಾವಣೆಗೆ ನನ್ನ ಒಪ್ಪಿಗೆಯನ್ನು ನೀವು ಕೇಳಿಲ್ಲ, ನಾನು ಕೊಟ್ಟಿಲ್ಲ. ಅಗ್ರಿಮೆಂಟನ್ನು ಎರಡೂ ಕಡೆಯವರ ಲಿಖಿತ ಒಪ್ಪಿಗೆಯಿಂದ ಮಾತ್ರ ತಿದ್ದಬಹುದು.

ಆದ್ದರಿಂದ ಬಿ-604ರ ಪ್ರತ್ಯೇಕ ಬಳಕೆಗೆ 47ನ್ನೇ ಉಳಿಸಿ, ತಿದ್ದಿದ ಹಂಚಿಕೆ ಪತ್ರವನ್ನು 22-11-2025ರೊಳಗೆ ಕೊಡಬೇಕೆಂದು ಕೋರುತ್ತೇನೆ. ಕ್ರಯಪತ್ರದ ಷೆಡ್ಯೂಲಿನಲ್ಲಿಯೂ ಘೋಷಣಾ ಪತ್ರದಲ್ಲಿಯೂ ಅದೇ ಸಂಖ್ಯೆ ಬರಬೇಕು. 47ನ್ನು ಕೊಡಲು ಸಾಧ್ಯವೇ ಇಲ್ಲವೆಂದು ನೀವು ಹೇಳುವುದಾದರೆ, ಅದರ ಕಾರಣವನ್ನೂ ಆ ಜಾಗದ ಈಗಿನ ಬಳಕೆಯನ್ನೂ ಮಂಜೂರಾದ ಬೇಸ್‌ಮೆಂಟ್ ನಕ್ಷೆಯ ಪ್ರತಿಯೊಡನೆ ಅದೇ ದಿನಾಂಕದೊಳಗೆ ಬರೆದು ತಿಳಿಸಿ. ಅದೇ ಹಂತದಲ್ಲಿರುವ ಬೇರೆ ಸ್ವತಂತ್ರ ಜಾಗವನ್ನು ನೀವು ಸೂಚಿಸಿದರೆ ನೋಡಿ ತೀರ್ಮಾನಿಸುತ್ತೇನೆ. ಈ ವಿಷಯ ಇತ್ಯರ್ಥವಾಗುವವರೆಗೆ 47ನ್ನು ಬೇರೆ ಯಾರಿಗೂ ಹಂಚಬೇಡಿ.

112ನ್ನು ನಾನು ಒಪ್ಪಿಕೊಂಡಿಲ್ಲ. ಫ್ಲ್ಯಾಟಿನ ಸ್ವಾಧೀನ ಪಡೆಯುವುದಾಗಲಿ ಬಾಕಿ ಕಂತು ಕಟ್ಟುವುದಾಗಲಿ ಈ ಹಕ್ಕನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲ.

ವಂದನೆಗಳೊಂದಿಗೆ,
(ಸಹಿ, ಹೆಸರು, ಫ್ಲ್ಯಾಟ್ ಸಂಖ್ಯೆ)

ಈ ಪತ್ರದಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. ಮೋಸ ಎಂಬ ಮಾತಿಲ್ಲ. ಕೋರ್ಟಿನ ಬೆದರಿಕೆಯಿಲ್ಲ. ಲಿಫ್ಟಿನ ಸದ್ದು, ಕ್ಲಬ್‌ಹೌಸಿನ ತಡ, ಬಾತ್‌ರೂಮಿನ ಇಳಿಜಾರು ಯಾವುದೂ ಇಲ್ಲ. ಅವನ್ನು ಬೇರೆ ಪತ್ರದಲ್ಲಿ ಬರೆಯಬಹುದು. ಎಲ್ಲ ದೂರುಗಳನ್ನೂ ಒಂದೇ ಪತ್ರದಲ್ಲಿ ತುಂಬಿದರೆ ಬಿಲ್ಡರ್ ಕಚೇರಿ ಅತ್ಯಂತ ಸುಲಭದ್ದನ್ನು ಆರಿಸಿ ಉತ್ತರಿಸಿ ಕಡತ ಮುಚ್ಚುತ್ತದೆ. ಇಲ್ಲಿ ಕೇಳಿರುವುದು ಒಂದೇ ವಿಷಯ, ಅದಕ್ಕೊಂದು ದಿನಾಂಕ. ಸೆಕ್ಷನ್ನುಗಳನ್ನೂ ಬರೆದಿಲ್ಲ. ಮೊದಲ ಪತ್ರ ಗ್ರಾಹಕ ವಿಭಾಗದ ಮೇಜಿನಿಂದ ಕಾನೂನು ವಿಭಾಗಕ್ಕೆ ಹೋದರೆ ಉತ್ತರ ತಡವಾಗುತ್ತದೆ, ಬಿರುಸಾಗುತ್ತದೆ. ಸೆಕ್ಷನ್ನುಗಳನ್ನು ಎರಡನೆಯ ಪತ್ರಕ್ಕೆ ಇಟ್ಟುಕೊಳ್ಳುವುದೇ ಜಾಣತನ ಎಂದು ನನಗನ್ನಿಸುತ್ತದೆ. ಕೆಲವು ವಕೀಲರು ಇದನ್ನು ಒಪ್ಪುವುದಿಲ್ಲ.

'ನೋಡಿ ತೀರ್ಮಾನಿಸುತ್ತೇನೆ' ಎಂಬ ಮಾತು ಅಳೆದು ಬರೆದದ್ದು. ಬಾಗಿಲು ತೆರೆದಿದೆ, ಆದರೆ ಒಪ್ಪಿಗೆ ಕೊಟ್ಟಿಲ್ಲ. 47ರಲ್ಲಿ ಆಗಲೇ ಪಂಪ್ ಕೋಣೆ ಎದ್ದಿದ್ದರೆ ಅದನ್ನು ಒಡೆಯಿರಿ ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಅಂಥ ಪ್ರಕರಣಗಳು ಹೆಚ್ಚಾಗಿ ಮುಗಿಯುವುದು ಅದೇ ಹಂತದ ಇನ್ನೊಂದು ಒಳ್ಳೆಯ ಜಾಗದಲ್ಲಿ. ಮಾರಾಟವಾಗದ ಫ್ಲ್ಯಾಟುಗಳಿಗಾಗಿ ಬಿಲ್ಡರ್ ಇಟ್ಟುಕೊಂಡ ಕೆಲವು ಪಾರ್ಕಿಂಗ್ ಯಾವಾಗಲೂ ಇರುತ್ತವೆ. ಅದಕ್ಕೇ ಪತ್ರ ಬೇಗ ಹೋಗಬೇಕು.

ಕಳಿಸುವ ಬಗೆಯೂ ಮುಖ್ಯ. ವಾಟ್ಸ್ಆ್ಯಪ್ ಸಂದೇಶ, ಸೈಟ್ ಎಂಜಿನಿಯರ್ ಜೊತೆಗಿನ ಮಾತು ಇವು ಇರಲಿ, ಆದರೆ ಅವು ಪತ್ರಕ್ಕೆ ಬದಲಲ್ಲ. ಅಗ್ರಿಮೆಂಟಿನ ಕೊನೆಯ ಪುಟಗಳಲ್ಲಿ ನೋಟಿಸ್ ಎಂಬ ಕಲಮು ಇರುತ್ತದೆ. ಯಾವ ವಿಳಾಸಕ್ಕೆ, ಯಾವ ಬಗೆಯ ಅಂಚೆಯಲ್ಲಿ ಕಳಿಸಿದರೆ ತಲುಪಿದಂತೆ ಎಂದು ಅಲ್ಲಿ ಬರೆದಿರುತ್ತದೆ. ಹೆಚ್ಚಿನ ಅಗ್ರಿಮೆಂಟುಗಳು ನೋಂದಾಯಿತ ಅಂಚೆ ಎನ್ನುತ್ತವೆ. ಅಂಚೆ ಇಲಾಖೆ 2025ರ ಸೆಪ್ಟೆಂಬರ್ 1ರಿಂದ ಆ ಸೇವೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟಿದೆ. ಆದ್ದರಿಂದ ಈಗ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನೂ ತಲುಪಿದ ವಿವರದ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಅದೇ ದಿನ ಅದೇ ಪತ್ರವನ್ನು ಇಮೇಲಿನಲ್ಲೂ ಕಳಿಸಿದರೆ ತಲುಪಲಿಲ್ಲ ಎಂಬ ನೆವ ಉಳಿಯುವುದಿಲ್ಲ. ಜಮೀನಿನ ಮಾಲೀಕರೂ ಅಗ್ರಿಮೆಂಟಿಗೆ ಸಹಿ ಹಾಕಿದ್ದರೆ ಅವರಿಗೂ ಒಂದು ಪ್ರತಿ ಹೋಗಲಿ.

ಪತ್ರ ಕಳಿಸಿ ಕಾಯುವಾಗ ಜನ ಮಾಡಿಕೊಳ್ಳುವ ಎರಡು ಎಡವಟ್ಟುಗಳಿವೆ. ಒಂದು, ಸಿಟ್ಟಿನಲ್ಲಿ ಕೊನೆಯ ಕಂತನ್ನು ನಿಲ್ಲಿಸುವುದು. ಒಪ್ಪಿದ ದಿನಕ್ಕೆ ಹಣ ಕಟ್ಟುವುದು 19ನೇ ಸೆಕ್ಷನ್ ಪ್ರಕಾರ ಕೊಂಡವರ ಹೊಣೆ, ತಡವಾದರೆ ಬಡ್ಡಿ ಬೀಳುತ್ತದೆ. ಹಣ ನಿಲ್ಲಿಸಿದ ಮರುದಿನವೇ ಬಿಲ್ಡರ್ ಅಗ್ರಿಮೆಂಟ್ ಪಾಲಿಸುವವನಾಗಿ, ನೀವು ಮುರಿದವರಾಗಿ ಕಾಣಿಸಿಕೊಳ್ಳುತ್ತೀರಿ. ಇನ್ನೊಂದು, ಗೃಹಪ್ರವೇಶದ ದಿನ 47ರಲ್ಲಿ ಕಾರು ನಿಲ್ಲಿಸಿ 'ಏನಾಗುತ್ತೋ ನೋಡೋಣ' ಎನ್ನುವುದು. ಆ ನಂಬರು ಕೈಯಲ್ಲಿ ಹಿಡಿದು ಬರುವ ಇನ್ನೊಂದು ಮನೆಯವರೂ ನಿಮ್ಮ ಹಾಗೆಯೇ ಹಣ ಕೊಟ್ಟವರು. ಜಗಳ ನಿಮ್ಮಿಬ್ಬರ ನಡುವೆ ಶುರುವಾದರೆ ಬಿಲ್ಡರ್ ಪಂಚಾಯ್ತಿದಾರನಾಗಿಬಿಡುತ್ತಾನೆ.

ಕೀ ಕೊಡುವ ದಿನ ಸಹಿಗೆ ಬರುವ ಕಾಗದಗಳಲ್ಲಿ ನಿಜವಾದ ಅಪಾಯ ಇರುತ್ತದೆ. 'ಫ್ಲ್ಯಾಟ್ ಮತ್ತು ಪಾರ್ಕಿಂಗನ್ನು ತೃಪ್ತಿಕರವಾಗಿ ಪಡೆದಿದ್ದೇನೆ, ಯಾವ ತಕರಾರೂ ಇಲ್ಲ' ಎಂಬ ಒಂದು ಅಚ್ಚಿನ ಪುಟ ಅದರಲ್ಲಿ ಇದ್ದೇ ಇರುತ್ತದೆ. ಪುರೋಹಿತರು ಕಾಯುತ್ತಿರುತ್ತಾರೆ, ಹಾಲು ಉಕ್ಕಿಸುವ ಗಳಿಗೆ ಮೀರುತ್ತಿರುತ್ತದೆ, ಸಹಿ ಬೀಳುತ್ತದೆ. ಆ ಪುಟದಲ್ಲೇ ಪೆನ್ನಿನಿಂದ 'ಪಾರ್ಕಿಂಗ್ ಸಂಖ್ಯೆಯನ್ನು ಒಪ್ಪಿಲ್ಲ, 07-11-2025ರ ಪತ್ರ ನೋಡಿ' ಎಂದು ಬರೆದು ಸಹಿ ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ಬರೆಯಲು ಬಿಡದಿದ್ದರೆ ಅದೇ ದಿನ ಸಂಜೆಯೊಳಗೆ ಇಮೇಲಿನಲ್ಲಿ ಅದನ್ನೇ ತಿಳಿಸಬೇಕು. ಕ್ರಯಪತ್ರದ ಕರಡನ್ನು ನೋಂದಣಿಗೆ ಮುಂಚೆ ಕೇಳಿ ಪಡೆದು ಷೆಡ್ಯೂಲನ್ನು ಓದುವುದು ಇನ್ನೂ ಮುಖ್ಯ. ಅಗ್ರಿಮೆಂಟಿನಲ್ಲಿ 47 ಎಂದಿದ್ದದ್ದು ಕ್ರಯಪತ್ರದಲ್ಲಿ 'ಒಂದು ಕಾರ್ ಪಾರ್ಕಿಂಗ್' ಎಂದಷ್ಟೇ ಆಗಿದ್ದರೆ ನಿಮ್ಮ ಅತ್ಯಂತ ಗಟ್ಟಿಯಾದ ಕಾಗದ ನಿಮ್ಮ ಸಹಿಯಿಂದಲೇ ಸವೆಯುತ್ತದೆ.

ಉತ್ತರಗಳಲ್ಲಿ ಸಾಮಾನ್ಯವಾಗಿ ಬರುವುದು 'ಹಂಚಿಕೆ ತಾತ್ಕಾಲಿಕವಾಗಿತ್ತು' ಎಂಬುದು. ಅಗ್ರಿಮೆಂಟಿನಲ್ಲಿ ಆ ಪದ ಇಲ್ಲದಿದ್ದರೆ, ಎಲ್ಲಿದೆ ತೋರಿಸಿ ಎಂದು ಎರಡು ಸಾಲು ಬರೆದರೆ ಸಾಕು. 'ಪಾರ್ಕಿಂಗ್ ಉಚಿತವಾಗಿ ಕೊಟ್ಟದ್ದು' ಎಂಬುದು ಇನ್ನೊಂದು. ಅದಕ್ಕೆ ಬೆಲೆಪಟ್ಟಿಯನ್ನೋ ರಸೀದಿಯನ್ನೋ ತೋರಿಸಬಹುದು. ಅದು ಇಲ್ಲದಿದ್ದರೂ, ಫ್ಲ್ಯಾಟಿನ ಬೆಲೆ ನಿಗದಿಯಾದದ್ದು ಷೆಡ್ಯೂಲಿನಲ್ಲಿರುವ ಎಲ್ಲದಕ್ಕೂ ಸೇರಿ. ಇಷ್ಟರಲ್ಲಿ ದಿನಾಂಕ ಮೀರಿದರೆ ಎರಡನೆಯ ಪತ್ರ ಹೋಗಬೇಕು. ಈ ಸಲ ಸೆಕ್ಷನ್ನುಗಳ ಜೊತೆ: ಬ್ರೋಷರಿಗೆ 12, ನಕ್ಷೆ ಬದಲಾಗಿದ್ದರೆ 14, ಅಗ್ರಿಮೆಂಟಿನ ಹೊಣೆ ತಪ್ಪಿದ್ದಕ್ಕೆ 18. ಆಗಲೇ ಮನೆಗೆ ಬಂದು ವರ್ಷಗಳಾದವರಿಗೆ ನೆರವಾಗಬಲ್ಲ ಮಾತೂ 14ರಲ್ಲಿಯೇ ಇದೆ. ಸ್ವಾಧೀನ ಪಡೆದ ಐದು ವರ್ಷದೊಳಗೆ, ಕಟ್ಟಡದ ದೋಷವಷ್ಟೇ ಅಲ್ಲ, ಯೋಜನೆಗೆ ಸಂಬಂಧಿಸಿ ಅಗ್ರಿಮೆಂಟಿನ ಬೇರೆ ಹೊಣೆಗಳಲ್ಲಿನ ಕೊರತೆಯನ್ನೂ ಗಮನಕ್ಕೆ ತಂದರೆ ಬಿಲ್ಡರ್ ಮೂವತ್ತು ದಿನದಲ್ಲಿ ಸರಿಪಡಿಸಬೇಕು.

ಅಲ್ಲಿಗೂ ಬಗೆಹರಿಯದಿದ್ದರೆ ರೇರಾ. 47ನ್ನೇ ಕೊಡಿಸಿ ಎಂದು ಕೇಳುವುದಾದರೆ ದೂರು ಪ್ರಾಧಿಕಾರಕ್ಕೆ. ನಷ್ಟಕ್ಕೆ ಪರಿಹಾರ ಬೇಕೆಂದರೆ ಬೇರೆ ಅರ್ಜಿ, ಅದನ್ನು ತೀರ್ಮಾನಿಸುವವರು ನ್ಯಾಯನಿರ್ಣಯ ಅಧಿಕಾರಿ. ಪರಿಹಾರ ನಿಗದಿ ಮಾಡುವುದು ಆ ಅಧಿಕಾರಿಯ ಕೆಲಸ ಎಂದು 2021ರ ನ್ಯೂಟೆಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗ್ರಾಹಕ ಆಯೋಗದ ದಾರಿಯೂ ತೆರೆದಿದೆ, ಆದರೆ ಅಲ್ಲಿ ಎರಡು ವರ್ಷದ ಗಡುವು. ಸಿವಿಲ್ ಕೋರ್ಟಿಗೆ ಮಾತ್ರ ರೇರಾ ವ್ಯಾಪ್ತಿಯ ವಿಷಯಗಳನ್ನು ಒಯ್ಯುವಂತಿಲ್ಲ.

ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2024ರ ಏಪ್ರಿಲ್ ಕೊನೆಯಲ್ಲಿ ಒಂದು ಆದೇಶ ಹೊರಡಿಸಿತು. ಮುಚ್ಚಿದ ಪಾರ್ಕಿಂಗಿನ ಸಂಖ್ಯೆ, ಉದ್ದ, ಅಗಲ, ಎತ್ತರ ಮತ್ತು ಅದಿರುವ ಸ್ಥಳ, ಇಷ್ಟನ್ನೂ ಹಂಚಿಕೆ ಪತ್ರಕ್ಕೂ ಅಗ್ರಿಮೆಂಟಿಗೂ ಅನುಬಂಧವಾಗಿ ಲಗತ್ತಿಸಲೇಬೇಕು. ಕಾರು ನಿಲ್ಲಿಸಿ ಬಾಗಿಲು ತೆಗೆಯಲಾಗದ ಜಾಗಗಳ ದೂರುಗಳಿಂದಲೇ ಆ ಆದೇಶ ಹುಟ್ಟಿದ್ದು. ಈಗ ಬುಕಿಂಗ್ ಮಾಡುತ್ತಿರುವ ಬೆಂಗಳೂರಿನವರು ಅಂಥ ಅನುಬಂಧವನ್ನು ತಾವೇ ಕೇಳಬಹುದು. ಮಾದರಿ ಅಗ್ರಿಮೆಂಟಿನ ಖಾಲಿ ಜಾಗವನ್ನು ತುಂಬಿಸಿಕೊಂಡರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ನಮ್ಮ ಶಿಕ್ಷಕಿಗೆ ಬಿಲ್ಡರ್ ಮೇಲಿನ ಬೇಸ್‌ಮೆಂಟಿನಲ್ಲೇ 61ನ್ನು ಕೊಡಲು ಮುಂದೆ ಬಂದರೆನ್ನಿ. ಅದು ಸ್ವತಂತ್ರ ಜಾಗ, ಅಳತೆಯೂ ಸರಿ, ಲಿಫ್ಟಿಗೆ ನಾಲ್ಕು ಹೆಜ್ಜೆ ಹೆಚ್ಚು ದೂರ. ಒಪ್ಪುವುದಾದರೆ ಫೋನಿನಲ್ಲಿ 'ಆಯ್ತು ಸರ್' ಎಂದು ಮುಗಿಸುವಂತಿಲ್ಲ. 47ರ ಬದಲು 61 ಎಂದು ಎರಡೂ ಕಡೆಯವರು ಸಹಿ ಹಾಕಿದ ತಿದ್ದುಪಡಿ ಪತ್ರ ಬೇಕು. ಕ್ರಯಪತ್ರ ಆಗಲೇ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ತಿದ್ದುಪಡಿ ಪತ್ರವನ್ನೂ ನೋಂದಾಯಿಸಬೇಕು. ಅದರ ಒಂದು ಪ್ರತಿ ನಾಳೆ ನಿರ್ವಹಣೆ ವಹಿಸಿಕೊಳ್ಳುವ ನಿವಾಸಿಗಳ ಸಂಘದ ಪಾರ್ಕಿಂಗ್ ರಿಜಿಸ್ಟರಿಗೂ ಹೋಗಬೇಕು.